ಬಸುರಿಯಲ್ಲಿ ಗುಳಿಗೆ: ನಾನು ಮೊದಲು ಕೇಳೋದು ಮುಟ್ಟಿನ ತಾರೀಖು

ಗದಗ, ರೋಣ, ಮುಂಡರಗಿ ಕಡೆಯಿಂದ ಬರುವ ಬಸುರಿಯರು ಗುಳಿಗೆ ಚೀಟಿ ಮುಂದಿಟ್ಟು ಕೇಳೋ ಪ್ರಶ್ನೆ ಒಂದೇ. "ಇದನ್ನ ತಗೊಂಡೀನ್ರೀ, ಕೂಸಿಗೆ ಏನರ ಆಗತೈತೇನ್ರೀ?" ನಾನು ಚೀಟಿ ನೋಡೋಕೆ ಮೊದಲು ಕೊನೆಯ ಮುಟ್ಟು ಯಾವಾಗ ಅಂತ ಕೇಳ್ತೀನಿ. ಗುಳಿಗೆ ಯಾವುದು ಅನ್ನೋದರಷ್ಟೇ ಅದು ಯಾವ ವಾರದಲ್ಲಿ ಹೊಟ್ಟೆಗೆ ಹೋಯಿತು ಅನ್ನೋದೂ ಮುಖ್ಯ.

ತಾರೀಖು ಸುಮಾರು ಜನಕ್ಕೆ ನೆನಪಿರಲ್ಲ. ಹಬ್ಬ ಮಾತ್ರ ನೆನಪಿರುತ್ತೆ. ಹಾಗಾಗಿ ಮೇಜಿನ ಮೇಲೆ ಗೋಡೆ ಕ್ಯಾಲೆಂಡರ್ ಬಿಚ್ಚಿ ಇಟ್ಕೊಂಡು, ಕಾರಹುಣ್ಣಿಮೆಗೆ ಮುಂಚೆನಾ, ಆಮೇಲಾ ಅಂತ ಕೇಳ್ತಾ ಹೋಗ್ತೀನಿ. ಆಮೇಲೆ ಸ್ಕ್ಯಾನಿಂಗ್‌ನಲ್ಲಿ ಕೂಸಿನ ಉದ್ದ ಅಳೆದು ತಾಳೆ ನೋಡ್ತೀನಿ.

ಇದು ನಾನು ಕಂಡುಹಿಡಿದ ದಾರಿ ಅಲ್ಲ. ಥ್ಯಾಲಿಡೊಮೈಡ್ ಕಥೆ ಕೇಳಿರ್ತೀರಿ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ನಿದ್ದೆ ಮಾತ್ರೆ ಅಂತ ಮಾರಾಟಕ್ಕೆ ಬಂತು, ಬಸುರಿಯರ ವಾಂತಿಗೂ ಕೊಟ್ಟರು, 1961ರ ನವೆಂಬರ್‌ನಲ್ಲಿ ವಾಪಸ್ ಪಡೆಯೋ ಹೊತ್ತಿಗೆ ಸಾವಿರಾರು ಮಕ್ಕಳು ಕೈಕಾಲು ಸರಿಯಾಗಿ ಬೆಳೆಯದೆ ಹುಟ್ಟಿದ್ದವು. ವಿಡುಕಿಂಡ್ ಲೆಂಟ್ಸ್ ಅನ್ನೋ ಮಕ್ಕಳ ಡಾಕ್ಟರ್ ತಾಯಂದಿರ ಹತ್ತಿರ ಹೋಗಿ, ಮುಟ್ಟು ಯಾವಾಗ, ಮಾತ್ರೆ ಯಾವಾಗ ಅಂತ ಕೇಳಿ ಲೆಕ್ಕ ಹಾಕಿದ. ಹಾನಿ ಆಗಿದ್ದು ಕೊನೆಯ ಮುಟ್ಟಿನಿಂದ ಸುಮಾರು 34ನೇ ದಿನದಿಂದ 50ನೇ ದಿನದ ಒಳಗೆ ಮಾತ್ರೆ ತಗೊಂಡವರಿಗೆ. ಆ ಕಾಲದ ಮೊದಲ ದಿನಗಳಲ್ಲಿ ತಗೊಂಡಿದ್ದರೆ ಕಿವಿ, ಆಮೇಲೆ ತೋಳು, ಇನ್ನೂ ಆಮೇಲೆ ಕಾಲು. ಯಾವ ಅಂಗ ಆಗ ಮೂಡುತ್ತಿತ್ತೋ ಪೆಟ್ಟು ಅದಕ್ಕೆ.

ಈಗ ನನ್ನ ಹತ್ತಿರ ಬಂದ ಒಬ್ಬಳ ವಿಷಯ ಹೇಳ್ತೀನಿ. ಚಿಕ್ಕಂದಿನಿಂದ ಫಿಟ್ಸ್. ಸೋಡಿಯಂ ವಾಲ್ಪ್ರೊಯೇಟ್ 500 ಮಿಲಿಗ್ರಾಂ, ಬೆಳಿಗ್ಗೆ ಒಂದು, ರಾತ್ರಿ ಒಂದು. ವರ್ಷಗಟ್ಟಲೆ ಫಿಟ್ಸ್ ಬಂದಿರಲಿಲ್ಲ. ಮದುವೆ ಆಯಿತು, ಅದೇ ಚೀಟಿ ತೋರಿಸಿ ಅದೇ ಗುಳಿಗೆ ತರ್ತಾ ಇದ್ದಳು, ಮಕ್ಕಳಾಗೋ ವಯಸ್ಸಿನ ಹೆಣ್ಣಿಗೆ ಇದು ಬೇಡ ಅಂತ ಯಾರೂ ಹೇಳಿರಲಿಲ್ಲ. ಪಂಚಮಿಗೆ ತವರಿಗೆ ಹೋಗಿ ಉಂಡಿ ತಿಂದು ವಾಪಸ್ ಬಂದ ಮೇಲೆ ಅತ್ತೆ ಜೊತೆ ಬಂದಳು. ಮುಟ್ಟಾಗಿದ್ದು ಕಾರಹುಣ್ಣಿಮೆ ದಿನ. ಅಂದರೆ ಬಸಿರು ನಿಂತಿದ್ದು ಮಣ್ಣೆತ್ತಿನ ಅಮಾವಾಸ್ಯೆ ಆಸುಪಾಸು. ನನ್ನ ಮುಂದೆ ಕೂತಾಗ ಎಂಟು ವಾರ.

ಕೂಸಿನ ಮಿದುಳು ಮತ್ತು ಬೆನ್ನುಹುರಿ ಮೊದಲು ಒಂದು ಚಪ್ಪಟೆ ಹಾಳೆಯ ಹಾಗೆ ಇರುತ್ತೆ. ಅದು ಅಂಚು ಮಡಚಿಕೊಂಡು ಕೊಳವೆ ಆಗುತ್ತೆ. ಈ ಕೊಳವೆ ಪೂರ್ತಿ ಮುಚ್ಚೋದು ಬಸಿರು ನಿಂತ 28ನೇ ದಿನದ ಹೊತ್ತಿಗೆ, ಮುಟ್ಟಿನಿಂದ ಎಣಿಸಿದರೆ ಆರು ವಾರಕ್ಕೆ. ವಾಲ್ಪ್ರೊಯೇಟ್ ಇದ್ದಾಗ ನೂರಕ್ಕೆ ಒಬ್ಬಿಬ್ಬರಲ್ಲಿ ಅದು ಮುಚ್ಚದೆ ಉಳಿಯುತ್ತೆ, ಬೆನ್ನು ತೆರೆದ ಕೂಸು ಹುಟ್ಟುತ್ತೆ. ಹೃದಯ, ತುಟಿ, ಅಂಗುಳ ಎಲ್ಲ ಸೇರಿಸಿದರೆ ದೊಡ್ಡ ದೋಷಗಳು ಸುಮಾರು ಹತ್ತರಲ್ಲಿ ಒಂದು ಕೂಸಿಗೆ. ಯಾವ ಔಷಧಿಯೂ ಇಲ್ಲದ ಬಸಿರಿನಲ್ಲಿ ಇದು ನೂರಕ್ಕೆ ಎರಡು ಮೂರು. ಗುಳಿಗೆ ಪ್ರಮಾಣ ಜಾಸ್ತಿ ಆದಷ್ಟು ಅಪಾಯವೂ ಜಾಸ್ತಿ.

ಇವಳ ಲೆಕ್ಕದಲ್ಲಿ ಆ ಆರು ವಾರ ಪಂಚಮಿಗೆ ಮುಂಚೆಯೇ, ನಾಗರ ಅಮಾವಾಸ್ಯೆ ಹೊತ್ತಿಗೆ ಮುಗಿದಿತ್ತು. ಅವಳಿಗೆ ಬಸಿರು ಅಂತ ಖಾತ್ರಿ ಆಗೋ ಹೊತ್ತಿಗೆ ಬೆನ್ನಿನ ವಿಷಯ ಆ ಕಡೆನೋ ಈ ಕಡೆನೋ ತೀರ್ಮಾನ ಆಗಿಹೋಗಿತ್ತು. ಆಗ ಫೋಲಿಕ್ ಆಸಿಡ್ ಶುರು ಮಾಡಿದರೂ ಬೆನ್ನಿನ ಮಟ್ಟಿಗೆ ತಡವೇ.

ಅತ್ತೆ ಹೇಳಿದರು, "ಇವತ್ತಿಂದ ಆ ಗುಳಿಗಿ ಬಂದ್ ಮಾಡಸ್ತೀವ್ರೀ ಡಾಕ್ಟರ್ರ."

"ಹಂಗ ಮಾಡಬ್ಯಾಡ್ರಿ ಯಮ್ಮಾ," ಅಂದೆ.

ಒಮ್ಮೆಲೇ ಬಿಟ್ಟರೆ ಫಿಟ್ಸ್ ಒಂದರ ಹಿಂದೆ ಒಂದು ನಿಲ್ಲದೆ ಬರಬಹುದು. ಅದರಲ್ಲಿ ತಾಯಿನೂ ಹೋಗಬಹುದು, ಕೂಸೂ ಹೋಗಬಹುದು. ಇದನ್ನ ನಾನು ಕೂತು, ನಿಧಾನಕ್ಕೆ, ಅತ್ತೆ ಮತ್ತು ಗಂಡ ಇಬ್ಬರ ಎದುರಿಗೇ ಹೇಳ್ತೀನಿ, ಯಾಕಂದ್ರೆ ಮನೆಗೆ ಹೋದ ಮೇಲೆ ಗುಳಿಗೆ ಕೈಗೆ ಕೊಡೋರು, ಕಸಕ್ಕೆ ಹಾಕೋರು ಅವರೇ.

ಹಾಗಂತ ಹೇಗಿದ್ದರೂ ತಡ ಆಯಿತು, ಅದೇ ಗುಳಿಗೆ ನಡೀಲಿ ಅನ್ನೋ ಹಾಗೂ ಇಲ್ಲ. ಅಂಗುಳ ಇನ್ನೂ ಕೂಡ್ತಾ ಇರುತ್ತೆ. ಅದಕ್ಕಿಂತ ಮುಖ್ಯ, ಮಿದುಳು ಒಂಬತ್ತು ತಿಂಗಳೂ ಬೆಳೀತಾನೇ ಇರುತ್ತೆ. ಹೊಟ್ಟೆಯಲ್ಲಿದ್ದಾಗ ವಾಲ್ಪ್ರೊಯೇಟ್ ತಾಗಿದ ಮಕ್ಕಳಲ್ಲಿ ನೂರಕ್ಕೆ 30ರಿಂದ 40 ಜನಕ್ಕೆ ಮಾತು ತಡ ಆಗೋದು, ಕಲಿಕೆ ಹಿಂದೆ ಬೀಳೋದು ಕಂಡಿದೆ. ಆಟಿಸಂ ಕೂಡ ಜಾಸ್ತಿ.

ಹುಬ್ಬಳ್ಳಿಯ ನರರೋಗ ತಜ್ಞರಿಗೆ ಅವತ್ತೇ ಫೋನ್ ಮಾಡಿದೆ. ಲೆವೆಟಿರಾಸಿಟಮ್ 500 ಮಿಲಿಗ್ರಾಂ ದಿನಕ್ಕೆ ಎರಡು ಸಲ ಶುರು ಮಾಡಿದೆವು. ಲ್ಯಾಮೋಟ್ರಿಜಿನ್ ಕೂಡ ಬಸುರಿಯಲ್ಲಿ ಒಳ್ಳೆಯದೇ, ಆದರೆ ಅದನ್ನ ವಾರಗಟ್ಟಲೆ ಸ್ವಲ್ಪ ಸ್ವಲ್ಪ ಏರಿಸಬೇಕು, ಜೊತೆಗೆ ವಾಲ್ಪ್ರೊಯೇಟ್ ಇದ್ದರೆ ಇನ್ನೂ ನಿಧಾನ, ಇಲ್ಲಾಂದ್ರೆ ಮೈಮೇಲೆ ಅಪಾಯದ ಗುಳ್ಳೆ ಏಳಬಹುದು. ನಮಗೆ ಅಷ್ಟು ಸಮಯ ಇರಲಿಲ್ಲ. ಹೊಸ ಗುಳಿಗೆ ಹಿಡಿದ ಮೇಲೆ ಹಳೆಯದನ್ನ ಹಂತ ಹಂತವಾಗಿ ಕೆಲವು ವಾರಗಳಲ್ಲಿ ಇಳಿಸಿದೆವು. ಆ ವಾರಗಳಲ್ಲಿ ಒಬ್ಬಳೇ ಬಾವಿಗೆ, ಹಳ್ಳಕ್ಕೆ ಹೋಗಬಾರದು, ನಿದ್ದೆ ಕೆಡಬಾರದು ಅಂತ ಕಟ್ಟಾಗಿ ಹೇಳಿದ್ದೆ.

12 ವಾರಕ್ಕೆ ಸ್ಕ್ಯಾನ್‌ನಲ್ಲಿ ತಲೆಬುರುಡೆ ಸರಿ ಇತ್ತು. 19 ವಾರಕ್ಕೆ ಬೆನ್ನು ಮತ್ತು ಹೃದಯ ನೋಡಿದೆವು. ಬೆನ್ನು ತೆರೆದಿದ್ದರೆ ಹಲವು ಸಲ ಅದರ ಸುಳಿವು ಮೊದಲು ತಲೆಯಲ್ಲೇ ಸಿಗುತ್ತೆ. ಹಣೆಯ ಎಲುಬು ಎರಡೂ ಕಡೆ ಒಳಗೆ ಸೇದಿಕೊಂಡು ತಲೆ ನಿಂಬೆಹಣ್ಣಿನ ಆಕಾರಕ್ಕೆ ಬರುತ್ತೆ, ಹಿಂಭಾಗದ ಕಿರುಮಿದುಳು ಬಾಗಿ ಬಾಳೆಹಣ್ಣಿನ ಆಕಾರ ಆಗುತ್ತೆ. ಎರಡೂ ಇರಲಿಲ್ಲ. ಮನೆಯವರೆಲ್ಲ ಖುಷಿಪಟ್ಟರು. ಆದರೆ ಸ್ಕ್ಯಾನ್‌ಗೆ ಆಕಾರ ಕಾಣುತ್ತೆ, ಬುದ್ಧಿ ಕಾಣಲ್ಲ. ಕೂಸು ಹುಟ್ಟಿದ ಮೇಲೆ ಯಾವಾಗ ಕತ್ತು ನಿಲ್ಲಿಸುತ್ತೆ, ಯಾವಾಗ ಹೆಸರು ಕರೆದರೆ ತಿರುಗುತ್ತೆ, ಯಾವಾಗ ಮಾತಾಡುತ್ತೆ ಅಂತ ವರ್ಷಗಟ್ಟಲೆ ನೋಡಬೇಕು ಅಂತ ಅವತ್ತೇ ಹೇಳಿದೆ. ಆ ಮಾತು ಹೇಳೋದು ಕಷ್ಟ, ಆದರೂ ಹೇಳಲೇಬೇಕು.

ಕೊನೆಯ ತಿಂಗಳುಗಳಲ್ಲಿ ನಾನು ಹುಡುಕೋದು ಬೇರೆ ಗುಳಿಗೆ. ಟೊಂಕ ನೋವು ಅಂತ ಔಷಧಿ ಅಂಗಡಿಯಿಂದ ತರೋ ಡೈಕ್ಲೋಫಿನಾಕ್, ಐಬುಪ್ರೊಫೆನ್. 20 ವಾರ ದಾಟಿದ ಮೇಲೆ ಇವು ಕೂಸಿನ ಕಿಡ್ನಿ ಮೇಲೆ ಕೂರ್ತವೆ, ಮೂತ್ರ ಕಡಿಮೆ ಆಗುತ್ತೆ, ಗರ್ಭದ ನೀರು ಅಂದರೆ ಬಹುಪಾಲು ಅದೇ, ಹಾಗಾಗಿ ನೀರು ಇಳಿಯುತ್ತೆ. ಏಳನೇ ತಿಂಗಳ ನಂತರ ಹೃದಯದ ಹತ್ತಿರ ತೆರೆದೇ ಇರಬೇಕಾದ ಒಂದು ರಕ್ತನಾಳ ಹೆರಿಗೆಗೆ ಮುಂಚೆಯೇ ಮುಚ್ಚಿಕೊಳ್ಳಬಹುದು. ಸ್ಕ್ಯಾನ್‌ನಲ್ಲಿ ನೀರು ಕಡಿಮೆ ಅಂತ ಬಂದರೆ, ಕಾರಣ ಹುಡುಕುವಾಗಲೇ "ನೋವಿನ ಗುಳಿಗಿ ತಗೊಂಡಿಯೇನವಾ?" ಅಂತ ಕೇಳ್ತೀನಿ. ಕಾರಣ ಅದೇ ಆಗಿದ್ದರೆ ನಿಲ್ಲಿಸಿದ ಮೇಲೆ ನೀರು ಸಾಮಾನ್ಯವಾಗಿ ಮತ್ತೆ ಏರುತ್ತೆ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಆದರೆ ಬಿಪಿ ಏರಬಾರದು ಅಂತ ಡಾಕ್ಟರ್ ಬರೆದ ಸಣ್ಣ ಪ್ರಮಾಣದ ಆಸ್ಪಿರಿನ್ ಇದರಲ್ಲಿ ಸೇರಲ್ಲ, ಅದನ್ನ ಬಿಡಬೇಡಿ.

ಆ ಹುಡುಗಿ ಎರಡನೇ ಕೂಸಿಗೆ ಮೊದಲೇ ಕೇಳೋಕೆ ಬಂದಳು. ಲೆವೆಟಿರಾಸಿಟಮ್ ಒಂದರ ಮೇಲೇ ಇದ್ದಳು. ಫೋಲಿಕ್ ಆಸಿಡ್ 5 ಮಿಲಿಗ್ರಾಂ ಬಸಿರು ನಿಲ್ಲೋಕೆ ಮುಂಚೆಯೇ ಶುರು ಮಾಡಿದೆ. ಬಸುರಿಯಲ್ಲಿ ಕಿಡ್ನಿ ಈ ಔಷಧಿಯನ್ನ ಬೇಗ ಹೊರಗೆ ಹಾಕುತ್ತೆ, ರಕ್ತದಲ್ಲಿ ಪ್ರಮಾಣ ಇಳಿಯುತ್ತೆ, ಅದಕ್ಕೇ ನಡುವೆ ಗುಳಿಗೆ ಏರಿಸಬೇಕಾಯಿತು. ಹೆರಿಗೆ ಆದ ಕೆಲವೇ ವಾರಗಳಲ್ಲಿ ಮತ್ತೆ ಹಳೆಯ ಪ್ರಮಾಣಕ್ಕೆ ಇಳಿಸಿದೆವು. ಮೊಲೆಹಾಲು ನಿಲ್ಲಿಸಲಿಲ್ಲ.