ಬೀಟಾ 1 ಹಾಕಿ ನೋಡಿದಾಗ ನನ್ನ ತಪ್ಪು ಸಿಕ್ಕಿತು

ನನ್ನ ಹತ್ತಿರ ಇದ್ದ ಒಂದು ಷೇರಿನಿಂದ ವರ್ಷಕ್ಕೆ ಕನಿಷ್ಠ ಎಷ್ಟು ಲಾಭ ಬಂದರೆ ಅದರ ರಿಸ್ಕಿಗೆ ತಕ್ಕದ್ದು ಅಂತ ಲೆಕ್ಕ ಹಾಕಲು ಕೂತಿದ್ದೆ. ಇದಕ್ಕೆ ಬಳಸುವ ಕ್ಯಾಪಿಟಲ್ ಅಸೆಟ್ ಪ್ರೈಸಿಂಗ್ ಮಾಡೆಲ್‌ನ ಸೂತ್ರ ಚಿಕ್ಕದು. ರಿಸ್ಕ್ ಇಲ್ಲದ ಬಡ್ಡಿದರಕ್ಕೆ, ಬೀಟಾ ಮತ್ತು ಮಾರ್ಕೆಟ್ ಪ್ರೀಮಿಯಂ ಗುಣಿಸಿ ಬಂದದ್ದನ್ನು ಕೂಡಿಸಬೇಕು. ಬೀಟಾ ಅಂದರೆ ಮಾರ್ಕೆಟ್ 1% ಏರಿಳಿದಾಗ ಷೇರು ಸರಾಸರಿ ಎಷ್ಟು ಏರಿಳಿಯುತ್ತದೆ ಅನ್ನುವ ಅಳತೆ.

ಸರ್ಕಾರದ 10 ವರ್ಷದ ಬಾಂಡಿನ ದರ 7% ತೆಗೆದುಕೊಂಡೆ. ಇಡೀ ಮಾರ್ಕೆಟ್ಟಿನಿಂದ 12% ಬರಬಹುದು ಅಂತ ಇಟ್ಟುಕೊಂಡೆ. ಬೀಟಾಗೆ 60 ತಿಂಗಳ ಅಂಕಿಗಳನ್ನು ಸ್ಪ್ರೆಡ್‌ಶೀಟಿಗೆ ಹಾಕಿದೆ. B ಕಾಲಮ್ಮಿನಲ್ಲಿ ಷೇರಿನ ತಿಂಗಳ ಶೇಕಡಾವಾರು ಏರಿಳಿತ, C ಕಾಲಮ್ಮಿನಲ್ಲಿ ಸೂಚ್ಯಂಕದ್ದು. ಷೇರೇ ಮೊದಲು ಬರಬೇಕು, ಅದಲುಬದಲಾದರೆ ಉತ್ತರವೇ ಬೇರೆ.

```
=SLOPE(B2:B61, C2:C61)
```

1.1 ಬಂತು. ಆ ಷೇರು ಕುಣಿಯುವ ರೀತಿ ನೋಡಿದರೆ ಇದು ಕಡಿಮೆ ಅನ್ನಿಸಿತು. ಚುಕ್ಕೆಗಳ ಚಿತ್ರ ಬರೆದು ನೋಡಿದೆ. ಒಂದು ಚುಕ್ಕೆ ಮಾತ್ರ ಎಲ್ಲಕ್ಕಿಂತ ತೀರಾ ಕೆಳಗೆ ಕೂತಿತ್ತು. ಆ ತಿಂಗಳು ಮಾರ್ಕೆಟ್ 6% ಏರಿತ್ತು, ನನ್ನ ಷೇರು ಮಾತ್ರ ಅರ್ಧಕ್ಕೆ ಇಳಿದಿತ್ತು. ನಿಜಕ್ಕೂ ಇಳಿದಿರಲಿಲ್ಲ, ಒಂದು ಷೇರನ್ನು ಎರಡಾಗಿ ಒಡೆದಿದ್ದರು ಅಷ್ಟೆ. ಸ್ಪ್ಲಿಟ್ ಸರಿಪಡಿಸಿದ ಬೆಲೆಗಳನ್ನು ಹಾಕಿದ ಮೇಲೆ ಬೀಟಾ 1.3 ಆಯಿತು. ಅರವತ್ತರಲ್ಲಿ ಒಂದೇ ತಿಂಗಳು ಇಷ್ಟು ಎಳೆದಾಡುತ್ತೆ ಅಂತ ನಾನು ಅಂದುಕೊಂಡಿರಲಿಲ್ಲ.

ಆಮೇಲೆ ದೊಡ್ಡ ತಪ್ಪು ಮಾಡಿದೆ. 1.3 ಅನ್ನು 12ರಿಂದ ಗುಣಿಸಿ 7 ಕೂಡಿಸಿದೆ. 22.6%! ಜಾಸ್ತಿ ಆಯಿತು ಅಂತ ಗೊತ್ತಾಯಿತು, ಎಲ್ಲಿ ಅಂತ ತಿಳಿಯಲಿಲ್ಲ. ಬೀಟಾ 1 ಹಾಕಿ ನೋಡಿದೆ. ಬೀಟಾ 1 ಅಂದರೆ ಮಾರ್ಕೆಟ್ಟಿನ ಜೊತೆ ಸಮವಾಗಿ ಏರಿಳಿಯುವ ಷೇರು, ಅದಕ್ಕೆ ಮಾರ್ಕೆಟ್ಟಿನ 12%ರಷ್ಟೇ ಬರಬೇಕು ಅಲ್ವಾ? ನನ್ನ ಹಾಳೆ 19% ತೋರಿಸಿತು. ಪ್ರೀಮಿಯಂ ಅಂದರೆ 12 ಅಲ್ಲ, ಅದರಲ್ಲಿ 7 ಕಳೆದು ಉಳಿದ 5. ಬಡ್ಡಿದರವನ್ನು ಎರಡು ಸಲ ಸೇರಿಸಿಬಿಟ್ಟಿದ್ದೆ. ಸರಿಯಾದ ಲೆಕ್ಕ: 7 + 1.3 × 5 = 13.5%.

ಇನ್ನೊಂದು ಎಚ್ಚರಿಕೆ. ಸಿದ್ಧ ಪ್ರೀಮಿಯಂ ಎಲ್ಲಿಂದಲಾದರೂ ತಂದರೆ, ಅದನ್ನು ಯಾವ ದರದ ಮೇಲೆ ಅಳೆದಿದ್ದಾರೆ ಅಂತ ನೋಡಬೇಕು. ಸರ್ಕಾರದ ಅಲ್ಪಾವಧಿ ಟ್ರೆಷರಿ ಬಿಲ್ಲಿನ ಮೇಲೆ ಅಳೆದ ಪ್ರೀಮಿಯಂ ಜೊತೆ ದೀರ್ಘಾವಧಿ ಬಾಂಡಿನ ದರ ಹಾಕಿದರೆ ಸಾಮಾನ್ಯವಾಗಿ ಉತ್ತರ ಮೇಲಕ್ಕೆ ಹೋಗುತ್ತದೆ.

ಷೇರಿನ ಡಿವಿಡೆಂಡ್ 3%, ಬೆಳವಣಿಗೆ 9% ಅಂತ ನನ್ನ ಅಂದಾಜು. ಒಟ್ಟು 12%. ಬೇಕಾದದ್ದು 13.5%, ಅಂದರೆ ಮಾರಿಬಿಡಬೇಕೇ? ತಡೆದೆ. ಬೀಟಾದ ಸ್ಟ್ಯಾಂಡರ್ಡ್ ಎರರ್, ಅಂದರೆ ಆ ಅಂದಾಜು ಎಷ್ಟು ಆಚೀಚೆ ಆಗಿರಬಹುದು ಅನ್ನುವ ಅಳತೆ, 0.2 ಇತ್ತು. ಎರಡೂ ಕಡೆ ಅದರ ಎರಡರಷ್ಟು ಬಿಟ್ಟುಕೊಟ್ಟರೆ ಬೀಟಾ 0.9ರಿಂದ 1.7ರವರೆಗೆ, ಬೇಕಾದ ಲಾಭ 11.5%ರಿಂದ 15.5%ರವರೆಗೆ ಹರಡುತ್ತದೆ. ನನ್ನ 12% ಅದರೊಳಗೇ ಇದೆ. ಷೇರು ದುಬಾರಿ ಅಂತ ಹೇಳಲು ಈ ಲೆಕ್ಕ ಸಾಲದು. ಮಾರಲಿಲ್ಲ, ಹೊಸದಾಗಿ ಕೊಳ್ಳುವುದನ್ನು ಮಾತ್ರ ನಿಲ್ಲಿಸಿದೆ.