ರೇಷ್ಮೆ ಸೀರೆಗೆ ಎಣ್ಣೆ ಬಿದ್ದರೆ: ಅಮೆರಿಕದಲ್ಲಿರುವ ನಮ್ಮ ಕಡೆಯವರಿಗೆ

ಹೋದ ವರ್ಷ ದಾವಣಗೆರೆಯಲ್ಲಿ ತಮ್ಮನ ಮದುವೆ. ಹಿಂದಿನ ದಿನ ಸಂಜೆ ಮನೆ ತುಂಬಾ ನೆಂಟರು, ನಡುವೆ ಮಂಡಕ್ಕಿ ಮಿರ್ಚಿ. ನಾನು ಉಟ್ಟಿದ್ದು ಮೊಳಕಾಲ್ಮೂರು ರೇಷ್ಮೆ ಸೀರೆ. ಗಿಳಿ ಹಸಿರು ಒಡಲು, ಮರೂನ್ ಅಂಚು. ಮಿರ್ಚಿ ಮುರಿಯುವಾಗ ಒಂದು ಹನಿ ಎಣ್ಣೆ ತೊಡೆಯ ಮೇಲೆ ಬಿತ್ತು. ನೋಡನೋಡುತ್ತಿದ್ದಂತೆ ರೂಪಾಯಿ ನಾಣ್ಯದಷ್ಟು ಅಗಲ ಆಯಿತು.

ನಾನು ನೀರಿಗೆ ಅಂತ ಎದ್ದೆ. ಚಿಕ್ಕಮ್ಮ ಕೈ ಹಿಡಿದು ಕೂರಿಸಿದರು. "ನೀರು ಮುಟ್ಟಿಸಬ್ಯಾಡ ನೋಡವ್ವ, ಮೊದ್ಲು ಪೌಡರ್ ತಾ" ಅಂದರು. ಆ ಒಂದು ಮಾತಿನಿಂದ ಸೀರೆ ಉಳಿಯಿತು. ನಾಲ್ಕು ದಿನಕ್ಕೆ ನನ್ನ ವಿಮಾನ ಇತ್ತು. ಹಾಗಾಗಿ ಅರ್ಧ ಕೆಲಸ ದಾವಣಗೆರೆಯಲ್ಲಿ ಆಯಿತು, ಉಳಿದರ್ಧ ಕ್ಯಾಲಿಫೋರ್ನಿಯಾದಲ್ಲಿ. ಎರಡೂ ಕಡೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಡೆಯಿಂದ ಅಮೆರಿಕಕ್ಕೆ ರೇಷ್ಮೆ ಸೀರೆ ಒಯ್ದವರು ಎಷ್ಟೋ ಜನ ಇದ್ದೀರಿ. ಅಲ್ಲಿಯ ಡ್ರೈ ಕ್ಲೀನಿಂಗ್ ಅಂಗಡಿಯ ಪದ್ಧತಿಯೇ ಬೇರೆ.

ಮೊದಲು, ನೀರು ಯಾಕೆ ಬೇಡ? ನೀರು ಎಣ್ಣೆಯನ್ನು ಕರಗಿಸುವುದಿಲ್ಲ. ಅದು ರೇಷ್ಮೆಯ ಬಣ್ಣವನ್ನೂ ಗಂಜಿಯನ್ನೂ ಸ್ವಲ್ಪ ಸರಿಸಿ, ಒಣಗುವಾಗ ಒದ್ದೆಯಾದ ಜಾಗದ ಸುತ್ತ ಬಿಟ್ಟುಹೋಗುತ್ತದೆ. ನೀರು ಬಿದ್ದ ರೇಷ್ಮೆಯಲ್ಲಿ ಕಾಣುವ ಸುತ್ತು ಗೆರೆ ಅದೇ. ಆಮೇಲೆ ಒಂದು ಕಲೆ ಇದ್ದಲ್ಲಿ ಎರಡು ಕಲೆ. ಒಡಲು ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ ಇರುವ ಸೀರೆಯಲ್ಲಿ ಅಂಚಿನ ಗಾಢ ಬಣ್ಣ ಒಡಲಿಗೆ ಇಳಿಯುವ ಭಯ ಬೇರೆ. ಪಾತ್ರೆ ತೊಳೆಯುವ ಸೋಪು ಹಚ್ಚಿ ಅಂತ ಜಾಸ್ತಿ ಜನ ಹೇಳುತ್ತಾರೆ. ಹತ್ತಿಗೆ ಅದು ಸರಿ. ರೇಷ್ಮೆಯಲ್ಲಿ ಆ ಸೋಪನ್ನು ತೆಗೆಯಲು ಮತ್ತೆ ನೀರೇ ಬೇಕಲ್ವಾ? ಅಡುಗೆ ಸೋಡಾ ಕ್ಷಾರ, ರೇಷ್ಮೆಗೆ ಆಗಿಬರುವುದಿಲ್ಲ. ನಿಂಬೆ, ವಿನೆಗರ್ ತಾಗಿದರೆ ಜರಿ ಕಪ್ಪಾಗಬಹುದು.

ಈಗ ಪೌಡರ್ ವಿಷಯ. ಸೀರೆ ಬಿಚ್ಚಿ ಮಂಚದ ಮೇಲೆ ಸಪಾಟಾಗಿ ಹರಡಿದೆವು. ಕಲೆಯ ಕೆಳಗೆ ಹಳೆ ಬಿಳಿ ಪಂಚೆ ಮಡಚಿ ಇಟ್ಟೆವು, ಎಣ್ಣೆ ಕೆಳಗಿನ ಪದರಕ್ಕೆ ಇಳಿಯಬಾರದು ಅಂತ. ಮೇಲಿನಿಂದ ಟಿಶ್ಯೂ ಒತ್ತಿ ತೆಗೆದೆವು. ಒತ್ತುವುದಷ್ಟೇ, ಉಜ್ಜಲಿಲ್ಲ. ಉಜ್ಜಿದರೆ ರೇಷ್ಮೆಯ ಎಳೆ ಎದ್ದು ಆ ಜಾಗದ ಹೊಳಪು ಹೋಗುತ್ತದೆ. ಅದನ್ನು ಯಾವ ಅಂಗಡಿಯವರೂ ವಾಪಸ್ ತರಲಾರರು. ಆಮೇಲೆ ಎರಡು ಚಮಚ ಪೌಡರ್ ಕಲೆಯ ಮೇಲೆ ಗುಡ್ಡೆ ಹಾಕಿ, ಕಲೆಗಿಂತ ಒಂದು ಬೆರಳು ಆಚೆಯವರೆಗೂ ಹರಡಿ, ರಾತ್ರಿಯಿಡೀ ಬಿಟ್ಟೆವು.

ಬೆಳಿಗ್ಗೆ ನೋಡಿದರೆ ಸುತ್ತಲಿನ ಪೌಡರ್ ಹಾಕಿದಂತೆಯೇ ಇತ್ತು. ನಡುವಿನದು ಮಾತ್ರ ಒದ್ದೆ ಹಿಟ್ಟಿನಂತೆ ಸಣ್ಣ ಉಂಡೆ ಉಂಡೆ ಆಗಿತ್ತು. ಎಣ್ಣೆ ಪೌಡರಿಗೆ ಏರಿದೆ ಅನ್ನುವುದಕ್ಕೆ ಅದೇ ಗುರುತು. ಸೀರೆ ಎತ್ತಿ ಕೊಡವಿ, ಮಗುವಿನ ತಲೆಗೂದಲಿನ ಮೆತ್ತನೆ ಬ್ರಷ್‌ನಿಂದ ಎಳೆಯ ಉದ್ದಕ್ಕೆ ತೆಗೆದು, ಹೊಸ ಪೌಡರ್ ಹಾಕಿದೆವು. ಎರಡನೇ ರಾತ್ರಿ ಉಂಡೆ ಕಡಿಮೆ ಆಯಿತು. ಮೂರನೇ ರಾತ್ರಿ ಹಾಕಿದ ಪೌಡರ್ ಹಾಕಿದ ಹಾಗೇ ಉದುರಿತು. ಅಂದರೆ ಪೌಡರ್ ಎಳೆದುಕೊಳ್ಳುವಂಥ ಎಣ್ಣೆ ಮುಗಿಯಿತು. ಅಲ್ಲಿಗೆ ನಿಲ್ಲಿಸಬೇಕು. ಅದಾದ ಮೇಲೂ ಸುಮ್ನೆ ಪೌಡರ್ ಹಾಕುತ್ತಾ ಕೂತರೆ ಏನೂ ಸಿಗುವುದಿಲ್ಲ. ಜರಿಯ ಸಂದಿಯಲ್ಲಿ ಬಿಳಿ ಪುಡಿ ಕೂರುತ್ತದೆ ಅಷ್ಟೇ.

ಅಮೆರಿಕದಲ್ಲಿ ಪೌಡರ್ ಜಾಗದಲ್ಲಿ ಕಾರ್ನ್‌ಫ್ಲೋರ್ ಹಾಕುವವರು ಒಂದು ಮಾತು ನೆನಪಿಡಿ. ನಾವು ಕಾರ್ನ್‌ಫ್ಲೋರ್ ಅನ್ನುವ ಬಿಳಿ ನುಣುಪು ಹಿಟ್ಟಿಗೆ ಅಲ್ಲಿ ಕಾರ್ನ್‌ಸ್ಟಾರ್ಚ್ ಅಂತ ಹೆಸರು. ಕಾರ್ನ್ ಫ್ಲೋರ್ ಅಂತ ಡಬ್ಬಿ ತಂದರೆ ಇಡೀ ಮೆಕ್ಕೆಜೋಳ ಬೀಸಿದ ಹಿಟ್ಟು ಸಿಗುತ್ತದೆ, ಬಹಳ ಸಲ ಹಳದಿ. ಅದನ್ನು ರೇಷ್ಮೆಗೆ ಹಾಕಬೇಡಿ. ಅಲ್ಲಿಯ ಬೇಬಿ ಪೌಡರ್ ಕೂಡ ಈಗ ಹೆಚ್ಚಾಗಿ ಕಾರ್ನ್‌ಸ್ಟಾರ್ಚ್‌ನದೇ, ಅದೂ ಆದೀತು.

ಇಸ್ತ್ರಿ ಮಾತ್ರ ಯಾವ ಹಂತದಲ್ಲೂ ಬೇಡ, ಪೇಪರ್ ಇಟ್ಟು ಕೂಡ ಬೇಡ. ಅಡುಗೆ ಎಣ್ಣೆ ಗಾಳಿಗೆ ತಾನಾಗಿಯೇ ಗಟ್ಟಿಯಾಗುತ್ತಾ, ಹಳದಿಯಾಗುತ್ತಾ ಹೋಗುತ್ತದೆ. ಬಾಣಲೆಯ ಹೊರಗೆ ಕೂರುವ ಅಂಟು ಜಿಡ್ಡು ನೋಡಿಲ್ವಾ, ಅದೇ ಥರ. ಬಿಸಿ ತಾಗಿದರೆ ಅದು ಇನ್ನೂ ಬೇಗ ಆಗುತ್ತದೆ. ಬಿಸಿಲಿಗೆ ಹಾಕುವುದೂ ಬೇಡ. ಮನೆಯ ಡ್ರೈಯರ್‌ನಲ್ಲಿ ಹಾಕಿ ತಿರುಗಿಸುವ ಡ್ರೈ ಕ್ಲೀನಿಂಗ್ ಕಿಟ್ ಅಲ್ಲಿ ಅಂಗಡಿಯಲ್ಲಿ ಸಿಗುತ್ತದೆ. ಅದರಲ್ಲೂ ಹಬೆ, ಬಿಸಿ ಎರಡೂ ಇವೆ. ರೇಷ್ಮೆ ಸೀರೆಗಲ್ಲ ಅದು.

ನನ್ನ ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಕಲೆಯ ಜಾಗದಲ್ಲಿ ಬೆಳಕು ಸ್ವಲ್ಪ ಜಾಸ್ತಿ ತೂರಿ ಬರುತ್ತಿತ್ತು. ಎಣ್ಣೆ ಹಿಡಿದ ಕಾಗದ ಇರುತ್ತದಲ್ಲ, ಹಾಗೆ. ಅಂದರೆ ಎಳೆಯ ಒಳಗೆ ಇನ್ನೂ ಎಣ್ಣೆ ಇದೆ. ಬೆಳಕು ಎಲ್ಲ ಕಡೆ ಒಂದೇ ಥರ ಬಂದಿದ್ದರೆ ಡ್ರೈ ಕ್ಲೀನಿಂಗ್‌ಗೆ ಕೊಡುವ ಅಗತ್ಯವೇ ಇರಲಿಲ್ಲ. ನಾನಾದರೆ ಹಾಗೇ ಮಡಚಿ ಇಡುತ್ತಿದ್ದೆ. ಪ್ರತಿ ಸಲ ಕೊಟ್ಟಾಗಲೂ ರೇಷ್ಮೆ ಸ್ವಲ್ಪ ಸವೆಯುತ್ತದೆ.

ಸೆಂಟಿನ ಕಲೆ ಬೇರೆ ಜಾತಿ. ಸೆಂಟಿನಲ್ಲಿ ಜಾಸ್ತಿ ಇರುವುದು ಆಲ್ಕೋಹಾಲ್. ಅದು ಹಾರಿಹೋಗುವ ಮೊದಲು ಬಣ್ಣವನ್ನು ಕರಗಿಸಿ ಪಕ್ಕಕ್ಕೆ ಸರಿಸಬಲ್ಲದು. ಅದನ್ನೂ ಬೆಳಕಿಗೆ ಹಿಡಿದು ನೋಡಿ. ಬೆಳಕು ತೂರಿ ಬಂದರೆ ಸುಗಂಧದ ಎಣ್ಣೆ ಉಳಿದಿದೆ, ಪೌಡರ್ ಹಾಕಿ ನೋಡಬಹುದು. ಬೆಳಕು ಸಮ ಇದ್ದು, ನಡುವೆ ತಿಳಿ ಬಣ್ಣ, ಸುತ್ತ ಗಾಢ ಗೆರೆ ಕಂಡರೆ ಬಣ್ಣವೇ ಜರುಗಿದೆ. ಅದಕ್ಕೆ ಮನೆಯಲ್ಲೂ ಮದ್ದಿಲ್ಲ, ಡ್ರೈ ಕ್ಲೀನಿಂಗ್‌ನಲ್ಲೂ ಇಲ್ಲ. ಸುಮ್ನೆ ದುಡ್ಡು ಕಳೆಯಬೇಡಿ. ಸ್ಪಿರಿಟ್ ಹಚ್ಚಿ ತೆಗೆಯಲು ಹೋದರೆ ಗೆರೆ ಇನ್ನೂ ದೊಡ್ಡದಾಗುತ್ತದೆ. ಅತ್ತರಿನಲ್ಲಿ ಆಲ್ಕೋಹಾಲ್ ಇಲ್ಲದಿದ್ದರೆ ಅದನ್ನು ಎಣ್ಣೆ ಕಲೆಯಂತೆಯೇ ನೋಡಿಕೊಳ್ಳಿ.

ನನ್ನದು ಎಣ್ಣೆ, ಆದ್ದರಿಂದ ಡ್ರೈ ಕ್ಲೀನಿಂಗ್‌ಗೆ ಕೊಡುವುದು ಅಂತ ತೀರ್ಮಾನ ಆಯಿತು. ಹೆಸರಿನಲ್ಲಿ ಡ್ರೈ ಇದ್ದರೂ ಅಲ್ಲಿ ಬಟ್ಟೆಯನ್ನು ನೀರಿಲ್ಲದ ದ್ರಾವಣದಲ್ಲಿ ಅದ್ದಿ ತಿರುಗಿಸುತ್ತಾರೆ. ಎಣ್ಣೆ ಕರಗುವುದು ಅದರಲ್ಲೇ. ಗಟ್ಟಿಯಾಗುವ ಮೊದಲು ಕೊಟ್ಟರೆ ಎಣ್ಣೆ ಕಲೆ ಅವರಿಗೆ ಸುಲಭದ ಕೆಲಸ. ಮನೆಯಲ್ಲಿ ನಾವು ಮಾಡಬೇಕಾದ್ದು ಅವರ ಕೆಲಸ ಕೆಡದ ಹಾಗೆ ನೋಡಿಕೊಳ್ಳುವುದು.

ದಾವಣಗೆರೆಯ ಅಂಗಡಿಯಲ್ಲಿ ಸೀರೆ ಅಂದರೇನು ಅಂತ ವಿವರಿಸಬೇಕಿಲ್ಲ. ಅಮೆರಿಕದಲ್ಲಿ ವಿವರಿಸಬೇಕು. ಅಲ್ಲಿ ಮಾರುವ ಬಟ್ಟೆಗೆ ಹೇಗೆ ತೊಳೆಯಬೇಕು ಅನ್ನುವ ಲೇಬಲ್ ಪಟ್ಟಿ ಇರಲೇಬೇಕು, ಫೆಡರಲ್ ಟ್ರೇಡ್ ಕಮಿಷನ್‌ನ ನಿಯಮ ಅದು. ಅಂಗಡಿಯವರು ಮೊದಲು ನೋಡುವುದೂ ಆ ಪಟ್ಟಿಯನ್ನೇ. ನಮ್ಮ ಮಗ್ಗದ ಸೀರೆಯಲ್ಲಿ ಅದು ಎಲ್ಲಿಂದ ಬರಬೇಕು? ಪಟ್ಟಿ ಇಲ್ಲದ ಬಟ್ಟೆಗೆ ಎಷ್ಟೋ ಅಂಗಡಿಗಳಲ್ಲಿ "ಬಣ್ಣ ಹೋದರೆ ನಾವು ಜವಾಬ್ದಾರರಲ್ಲ" ಅನ್ನುವ ಕಾಗದಕ್ಕೆ ಸಹಿ ಕೇಳುತ್ತಾರೆ. ಸಹಿ ಹಾಕುವ ಮೊದಲು ಕೇಳಬೇಕಾದ್ದನ್ನು ಕೇಳಿ.

ಮುಖ್ಯ ಪ್ರಶ್ನೆ ಒಂದೇ: ಯಾವುದರಲ್ಲಿ ತೊಳೆಯುತ್ತೀರಿ? ಅಲ್ಲಿ ತುಂಬಾ ಕಾಲ ಬಳಸಿದ್ದು ಪರ್ಕ್ ಅನ್ನುವ ದ್ರಾವಣ. ಆರೋಗ್ಯಕ್ಕೆ ಕೆಟ್ಟದ್ದು ಅಂತ ಕ್ಯಾಲಿಫೋರ್ನಿಯಾದ ಡ್ರೈ ಕ್ಲೀನಿಂಗ್ ಅಂಗಡಿಗಳಲ್ಲಿ 2023ರಿಂದ ಅದನ್ನು ನಿಲ್ಲಿಸಿದ್ದಾರೆ. ಅದರ ಜಾಗಕ್ಕೆ ಹಲವು ಕಡೆ ಹೈಡ್ರೋಕಾರ್ಬನ್ ಬಂದಿದೆ, ಪೆಟ್ರೋಲಿಯಂನಿಂದ ತೆಗೆದದ್ದು. ಎಣ್ಣೆ ಕಲೆಗೂ ರೇಷ್ಮೆಗೂ ಅದು ಸರಿ. ಆದರೆ ಕೆಲವರು ವೆಟ್ ಕ್ಲೀನಿಂಗ್‌ಗೆ ಹೋಗಿದ್ದಾರೆ. ಅದು ನೀರು. ಎಷ್ಟೇ ಹದವಾಗಿ ಮಾಡಿದರೂ ನೀರು ನೀರೇ. ಬೋರ್ಡಿನಲ್ಲಿ ಆರ್ಗ್ಯಾನಿಕ್, ಗ್ರೀನ್ ಅಂತ ಬರೆದಿರುತ್ತದೆ. ಆ ಪದದಿಂದ ಒಳಗಿರುವುದು ನೀರೋ ದ್ರಾವಣವೋ ತಿಳಿಯುವುದಿಲ್ಲ.

ಫ್ರೀಮಾಂಟ್‌ನಲ್ಲಿ ನಾನು ಹೋದ ಮೊದಲ ಅಂಗಡಿಯಲ್ಲಿ, ರೇಷ್ಮೆಯನ್ನೂ ವೆಟ್ ಕ್ಲೀನಿಂಗ್ ಮಾಡುತ್ತೇವೆ ಅಂದರು. ಮನೆಗೆ ಬಂದು, ಸೊಂಟಕ್ಕೆ ಸಿಕ್ಕಿಸುವ ತುದಿಯಲ್ಲಿ ಅಂಚಿನ ಮೇಲೆ ಒದ್ದೆ ಬಿಳಿ ಬಟ್ಟೆಯನ್ನು ಒಂದು ನಿಮಿಷ ಒತ್ತಿ ನೋಡಿದೆ. ಬಟ್ಟೆ ಗುಲಾಬಿ ಆಯಿತು. ಆ ಅಂಗಡಿಗೆ ಮತ್ತೆ ಹೋಗಲಿಲ್ಲ.

ಎರಡನೇ ಅಂಗಡಿಯಲ್ಲಿ ಹೈಡ್ರೋಕಾರ್ಬನ್. ತೊಳೆಯುವುದು ಇಲ್ಲೋ ಬೇರೆ ಕಡೆಯೋ ಅಂತ ಕೇಳಿದೆ. ಕೆಲವು ಅಂಗಡಿಗಳು ಬಟ್ಟೆ ಇಸಿದುಕೊಂಡು ಬೇರೆಡೆಗೆ ಕಳಿಸುತ್ತವೆ, ಆಗ ಕೌಂಟರಿನಲ್ಲಿ ಹೇಳಿದ ಮಾತು ತೊಳೆಯುವವರಿಗೆ ಮುಟ್ಟುವುದಿಲ್ಲ. ಇವರದು ಹಿಂದಿನ ಕೋಣೆಯಲ್ಲೇ ಯಂತ್ರ. ಹೀಗೆ ಹೇಳಿದೆ: ಅಡುಗೆ ಎಣ್ಣೆ, ಎರಡು ವಾರ ಆಯಿತು, ಪೌಡರ್ ಬಿಟ್ಟು ಬೇರೇನೂ ಹಚ್ಚಿಲ್ಲ, ಇಸ್ತ್ರಿ ಮಾಡಿಲ್ಲ. ಇದನ್ನು ಮುಚ್ಚಿಡಬೇಡಿ, ನೀರು ಸೋಪು ಹಚ್ಚಿದ್ದರೂ ಹೇಳಿ. ಅದರ ಮೇಲೆ ಅವರು ಯಾವ ಮದ್ದು ಮುಟ್ಟಿಸಬೇಕು ಅನ್ನುವುದು ನಿಂತಿದೆ. ಆಮೇಲೆ ಮೂರು ಬೇಡ ಹೇಳಿದೆ. ಕಲೆ ಹೋಗುವ ತನಕ ಇಸ್ತ್ರಿ ಬೇಡ, ಗಂಜಿ ಬೇಡ, ಬಿಸಿ ಮಾಡಿ ಅಂಟಿಸುವ ಬಾರ್‌ಕೋಡ್ ಪಟ್ಟಿ ಬೇಡ. ಕೊನೆಯದನ್ನು ಶರ್ಟು ಪ್ಯಾಂಟಿಗೆ ಅಂಟಿಸುವುದು ಕೆಲವು ಅಂಗಡಿಗಳ ರೂಢಿ. ಸೀರೆಗಾದರೆ ಫಾಲ್‌ಗೆ ಚೀಟಿ ಪಿನ್ ಮಾಡಿ ಅನ್ನಿ. ಕುಚ್ಚು, ಅಂಟಿಸಿದ ಕಲ್ಲು, ಬಣ್ಣದ ಚಿತ್ತಾರ ಇದ್ದರೆ ತೋರಿಸಿ, ಅವು ದ್ರಾವಣದಲ್ಲಿ ಬಿಟ್ಟುಬರಬಹುದು. ಕೊಡುವ ಮೊದಲು ಕೌಂಟರಿನ ಮೇಲೆ ಸೆರಗು, ಅಂಚು, ಕಲೆ ಮೂರರ ಫೋಟೊ ತೆಗೆದುಕೊಂಡೆ. ಸೀರೆ ಹಾಳಾದರೆ ಅಲ್ಲಿ ಪರಿಹಾರವನ್ನು ಸಾಮಾನ್ಯವಾಗಿ ಬಟ್ಟೆಯ ವಯಸ್ಸು ನೋಡಿ ಇಳಿಸಿ ಲೆಕ್ಕ ಹಾಕುತ್ತಾರೆ. ಕೊಂಡ ಬಿಲ್ಲು ಕೂಡ ಇದ್ದರೆ ಮಾತಾಡಲು ಆಧಾರ ಇರುತ್ತದೆ.

ವಾರ ಬಿಟ್ಟು ಹೋದಾಗ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಟ್ಟರು. ಅಲ್ಲೇ ತೆಗೆದು, ಬಾಗಿಲ ಬಳಿ ಬಿಸಿಲ ಬೆಳಕಿಗೆ ಹಿಡಿದು ನೋಡಿದೆ. ಬೆಳಕು ಎಲ್ಲ ಕಡೆ ಸಮ ಬಂತು. ಅಂಚಿನ ಮರೂನ್ ಅಂಚಿನಲ್ಲೇ ಇತ್ತು. ಮನೆಗೆ ಬಂದು ಪ್ಲಾಸ್ಟಿಕ್ ಎಸೆದು, ಒಂದು ದಿನ ನೆರಳಲ್ಲಿ ಗಾಳಿಗೆ ಬಿಟ್ಟು, ವಾಸನೆ ಹೋದ ಮೇಲೆ ಚಿಕ್ಕಮ್ಮ ಕೊಟ್ಟ ಹಳೆ ಪಂಚೆಯಲ್ಲಿ ಸುತ್ತಿ ಇಟ್ಟೆ.