ವರ್ಷಕ್ಕೆ 26 ಸಂಬಳ, ಒಮ್ಮೊಮ್ಮೆ 27: ಲೆಕ್ಕ ಹಾಕುವುದು ಹೇಗೆ?

ತಿಂಗಳ ಸಂಬಳದವರಿಗೆ ಈ ತಲೆನೋವಿಲ್ಲ. 12 ತಿಂಗಳು, 12 ಸಂಬಳ, ಮುಗಿಯಿತು. ಎರಡು ವಾರಕ್ಕೊಮ್ಮೆ ಸಂಬಳ ಬರುವವರು ತಾರೀಕು ನೋಡುವುದಿಲ್ಲ, ವಾರ ನೋಡುತ್ತಾರೆ. ಒಂದು ಶುಕ್ರವಾರ ಬಿಟ್ಟು ಇನ್ನೊಂದು ಶುಕ್ರವಾರ ಹಣ ಬರುತ್ತದೆ. ವರ್ಷಕ್ಕೆ 26 ಸಲ. ಆದರೆ ಕೆಲವು ವರ್ಷ 27 ಸಲ ಬಂದುಬಿಡುತ್ತದೆ. ನಿಮಗೆ ಅದು ಯಾವ ವರ್ಷ ಎಂದು ಕ್ಯಾಲೆಂಡರ್ ಹಿಡಿದು ನೀವೇ ಕಂಡುಕೊಳ್ಳಬಹುದು.

ಮೊದಲು ನಿಮ್ಮದು ಯಾವ ಪದ್ಧತಿ ನೋಡಿ

ಹಳೆಯ ನಾಲ್ಕು ಪೇಸ್ಲಿಪ್ ತೆಗೆದು ತಾರೀಕು ನೋಡಿ. ಪ್ರತಿ ಸಲ 15ಕ್ಕೆ ಮತ್ತು ತಿಂಗಳ ಕೊನೆಗೆ ಬಂದಿದ್ದರೆ ಅದು ತಿಂಗಳಿಗೆ ಎರಡು ಸಂಬಳ. ವರ್ಷಕ್ಕೆ 24, ಯಾವತ್ತೂ ಅಷ್ಟೇ. ಎರಡು ಸಂಬಳದ ನಡುವೆ ಸರಿಯಾಗಿ 14 ದಿನ ಇದ್ದರೆ ಮಾತ್ರ ಮುಂದಿನ ಲೆಕ್ಕ ನಿಮ್ಮದು.

ಉಳಿಯುವ ಒಂದು ದಿನ

26ನ್ನು 14ರಿಂದ ಗುಣಿಸಿದರೆ 364. ವರ್ಷಕ್ಕೆ 365 ದಿನ, ಅಧಿಕ ವರ್ಷಕ್ಕೆ 366. ಅಂದರೆ ಪ್ರತಿ ವರ್ಷ ಒಂದೋ ಎರಡೋ ದಿನ ಹೆಚ್ಚಿಗೆ ಉಳಿಯುತ್ತದೆ. ಆದ್ದರಿಂದ ವರ್ಷದ ಮೊದಲ ಸಂಬಳದ ತಾರೀಕು ವರ್ಷ ವರ್ಷ ಒಂದೆರಡು ದಿನ ಹಿಂದೆ ಸರಿಯುತ್ತದೆ. ಸರಿಯುತ್ತಾ ಸರಿಯುತ್ತಾ ಅದು ಜನವರಿ 1ಕ್ಕೆ ಬಂದು ನಿಂತರೆ, ಅಲ್ಲಿಂದ 364 ದಿನಕ್ಕೆ, ಅಂದರೆ ಡಿಸೆಂಬರ್ ಕೊನೆಗೆ, 27ನೇ ಸಂಬಳವೂ ಅದೇ ವರ್ಷದೊಳಗೆ ಬೀಳುತ್ತದೆ. ಅಧಿಕ ವರ್ಷದಲ್ಲಿ ಮೊದಲ ಸಂಬಳ ಜನವರಿ 2ಕ್ಕೆ ಬಂದರೂ ಸಾಕು. ಸುಮಾರು 11 ವರ್ಷಕ್ಕೊಮ್ಮೆ ಹೀಗಾಗುತ್ತದೆ.

ಹಾಗಾಗಿ ನೀವು ನೋಡಬೇಕಾದದ್ದು ಒಂದೇ: ವರ್ಷದ ಮೊದಲ ಸಂಬಳ ಯಾವ ತಾರೀಕಿಗೆ?

ಒಂದು ಲೆಕ್ಕ ಹಾಕೋಣ

2026ರ ಜನವರಿ 2 ಶುಕ್ರವಾರ. ಅವತ್ತು ಸಂಬಳ ಬಂದವರಿಗೆ 26ನೆಯದು ಡಿಸೆಂಬರ್ 18ಕ್ಕೆ. ಮುಂದಿನದು 2027ರ ಜನವರಿ 1. ಅಲ್ಲಿಂದ ಎಣಿಸಿದರೆ 2027ರ ಡಿಸೆಂಬರ್ 31ಕ್ಕೆ 27ನೆಯದು ಸಿಗುತ್ತದೆ. ಮತ್ತೆ ಹೀಗಾಗುವುದು 2038ರಲ್ಲಿ.

ಆದರೆ ಇಲ್ಲೊಂದು ತೊಡಕಿದೆ. ಜನವರಿ 1 ಬಹಳ ಕಡೆ ಬ್ಯಾಂಕ್ ರಜೆ. ರಜೆ ಬಂದರೆ ಹಿಂದಿನ ದಿನವೇ ಸಂಬಳ ಹಾಕುವ ಕಂಪನಿ ಆ ಹಣವನ್ನು 2026ರ ಡಿಸೆಂಬರ್ 31ಕ್ಕೇ ಹಾಕುತ್ತದೆ. ಆಗ 27 ಸಂಬಳದ ವರ್ಷ 2026 ಆಗುತ್ತದೆ, 2027ಕ್ಕೆ 26 ಮಾತ್ರ. ಸಾಮಾನ್ಯವಾಗಿ ತೆರಿಗೆಯವರು ನೋಡುವುದು ಹಣ ಕೈಗೆ ಬಂದ ದಿನವನ್ನು, ದುಡಿದ ದಿನವನ್ನಲ್ಲ. ಒಂದೇ ದಿನದ ವ್ಯತ್ಯಾಸಕ್ಕೆ ಒಂದು ವರ್ಷದ ಆದಾಯ ಜಾಸ್ತಿ ಕಾಣುತ್ತದೆ, ಇನ್ನೊಂದರದ್ದು ಕಡಿಮೆ. ಲೆಕ್ಕದ ವರ್ಷ ಜನವರಿಯ ಬದಲು ಬೇರೆ ತಿಂಗಳಿಗೆ ಶುರುವಾಗುವ ಕಡೆ, ಆ ತಿಂಗಳ 1ರಿಂದ ಎಣಿಸಿ.

ಹಣ ನಿಜಕ್ಕೂ ಜಾಸ್ತಿ ಬರುತ್ತದಾ?

ಅದು ಕಂಪನಿ ಹೇಗೆ ಭಾಗಿಸುತ್ತದೆ ಎಂಬುದರ ಮೇಲೆ. ವರ್ಷದ ಸಂಬಳ 5,20,000 ಎಂದುಕೊಳ್ಳಿ. 26ರಿಂದ ಭಾಗಿಸಿದರೆ ಸಲಕ್ಕೆ 20,000. ಕೆಲವು ಕಂಪನಿಗಳು 27ನೇ ಸಲವೂ ಅಷ್ಟನ್ನೇ ಕೊಡುತ್ತವೆ, ಆ ವರ್ಷ ಒಟ್ಟು 5,40,000 ಆಗುತ್ತದೆ. ಅದನ್ನು ಬೋನಸ್ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ವರ್ಷ ವರ್ಷ ಉಳಿದ ಆ ಒಂದೆರಡು ದಿನಗಳೇ ಸೇರಿ ಎರಡು ವಾರವಾಗಿವೆ, ಆ ದಿನಗಳಲ್ಲೂ ನೀವು ದುಡಿದಿದ್ದೀರಿ ಅಲ್ವಾ?

ಇನ್ನು ಕೆಲವು ಕಂಪನಿಗಳು ಆ ವರ್ಷ 27ರಿಂದ ಭಾಗಿಸುತ್ತವೆ. ಆಗ ಸಲಕ್ಕೆ ಸುಮಾರು 19,259. ವರ್ಷದ ಮೊತ್ತ ಬದಲಾಗುವುದಿಲ್ಲ, ಆದರೆ ಜನವರಿಯಿಂದಲೇ ಪ್ರತಿ ಸಲ 741ರಷ್ಟು ಕಡಿಮೆ. ಕಾರಣ ಗೊತ್ತಿಲ್ಲದವರಿಗೆ ಸಂಬಳ ಕಡಿತವಾದಂತೆ ಕಾಣುತ್ತದೆ. ಗಂಟೆ ಲೆಕ್ಕದಲ್ಲಿ ದುಡಿಯುವವರಿಗೆ ಈ ಗೊಂದಲವೇ ಇಲ್ಲ, ದುಡಿದ ಗಂಟೆಗೆ ಹಣ.

ಮನೆ ಖರ್ಚಿಗೆ ಹೊಂದಿಸುವುದು

ಅದೇ 5,20,000 ತಿಂಗಳ ಸಂಬಳವಾದರೆ ತಿಂಗಳಿಗೆ 43,333. ಎರಡು ವಾರದ ಪದ್ಧತಿಯಲ್ಲಿ ಹೆಚ್ಚಿನ ತಿಂಗಳು 40,000 ಮಾತ್ರ ಬರುತ್ತದೆ. ಬಾಡಿಗೆ, ಸಾಲದ ಕಂತುಗಳನ್ನು ಈ 40,000ದೊಳಗೇ ಇಟ್ಟುಕೊಳ್ಳಿ. ಉಳಿದದ್ದು ಮೂರು ಸಂಬಳ ಬೀಳುವ ತಿಂಗಳುಗಳಲ್ಲಿ ಸಿಗುತ್ತದೆ. ಇಂಥ ತಿಂಗಳು ಸಾಮಾನ್ಯವಾಗಿ ವರ್ಷಕ್ಕೆ ಎರಡು. ಮೇಲಿನ ಲೆಕ್ಕದಲ್ಲಿ 2026ರ ಜನವರಿ (2, 16, 30) ಮತ್ತು ಜುಲೈ (3, 17, 31). ಇದು 27ನೇ ಸಂಬಳವಲ್ಲ, ಎರಡನ್ನೂ ಒಂದೇ ಎಂದುಕೊಳ್ಳಬೇಡಿ.

ವರ್ಷ ಶುರುವಾಗುವ ಮೊದಲು ಕೇಳಿ

27 ಸಂಬಳದ ವರ್ಷ ಹತ್ತಿರ ಬಂದರೆ ಸಂಬಳದ ವಿಭಾಗಕ್ಕೆ ಎರಡು ಪ್ರಶ್ನೆ ಹಾಕಿ. ಈ ವರ್ಷ 26ರಿಂದ ಭಾಗಿಸುತ್ತೀರಾ, 27ರಿಂದಲಾ? ವಿಮೆಯ ಕಂತನ್ನು 27ನೇ ಸಲವೂ ಹಿಡಿಯುತ್ತೀರಾ? ವರ್ಷದ ವಿಮೆ ಹಣವನ್ನು 26 ಭಾಗ ಮಾಡಿ ಹಿಡಿಯುತ್ತಿದ್ದರೆ, 27ನೇ ಸಲ ಹಿಡಿದದ್ದು ಹೆಚ್ಚುವರಿ. ಕೊನೆಯ ಪೇಸ್ಲಿಪ್‌ನಲ್ಲಿ ವರ್ಷದ ಒಟ್ಟು ಕಡಿತದ ಸಾಲು ನೋಡಿದರೆ ಇದು ಗೊತ್ತಾಗುತ್ತದೆ.